ಆಫ್ ಮಾಡಿದರೂ ಆಫ್ ಆಗದ್ದು: ಒಂದು ವಾಕ್ಯದ ಇತಿಹಾಸ

"ಲೊಕೇಶನ್ ಹಿಸ್ಟರಿ ಆಫ್ ಇದ್ದಾಗ, ನೀವು ಹೋಗುವ ಜಾಗಗಳು ಇನ್ನು ಮುಂದೆ ಉಳಿಯುವುದಿಲ್ಲ."

2018ರ ಆಗಸ್ಟ್ ತಿಂಗಳ ಮಧ್ಯದವರೆಗೂ ಗೂಗಲ್‌ನ ಸಹಾಯ ಪುಟದಲ್ಲಿ ಇಂಗ್ಲಿಷಿನಲ್ಲಿದ್ದ ಒಂದು ವಾಕ್ಯದ ಕನ್ನಡ ರೂಪ ಇದು. ಎಷ್ಟು ಸರಳ ನೋಡಿ! ವಕೀಲರ ಭಾಷೆಯಿಲ್ಲ, ಅಡಿಟಿಪ್ಪಣಿ ಇಲ್ಲ, ಹೈಸ್ಕೂಲು ಹುಡುಗನಿಗೂ ಅರ್ಥವಾಗುತ್ತೆ. ಪ್ರೈವೆಸಿ ಪಾಲಿಸಿಗಳು ಹೀಗಿರಬೇಕು ಅಂತ ಅದಕ್ಕೂ ಹದಿನೈದು ವರ್ಷ ಮೊದಲಿನಿಂದ ತಜ್ಞರು ಹೇಳುತ್ತಾ ಬಂದಿದ್ದರು. ತೊಂದರೆ ಒಂದೇ, ವಾಕ್ಯ ನಿಜವಾಗಿರಲಿಲ್ಲ.

ಈ ಒಂದು ವಾಕ್ಯ ಹೇಗೆ ಹುಟ್ಟಿತು, ಹೇಗೆ ಸಿಕ್ಕಿಬಿತ್ತು, ಅದನ್ನು ಹೇಗೆ ತಿದ್ದಿದರು, ತಿದ್ದಿದ ಮೇಲೂ ಏನು ಉಳಿಯಿತು ಅನ್ನೋದನ್ನ ಇವತ್ತು ಬರೆಯುತ್ತಿದ್ದೇನೆ. ಕೊನೆಯಲ್ಲಿ ಅದೇ ಭಾಗವನ್ನು ಸರಿಯಾಗಿ ಬರೆಯುವುದಾದರೆ ಹೇಗೆ ಬರೆಯಬಹುದಿತ್ತು ಅಂತ ಒಂದು ಪ್ರಯತ್ನವನ್ನೂ ಮಾಡಿದ್ದೇನೆ. ಸ್ವಲ್ಪ ಉದ್ದದ ಬರಹ, ತಾಳ್ಮೆ ಇರಲಿ.

ಪದರ ಪದರವಾಗಿ ಹೇಳುವ ಐಡಿಯಾ ಎಲ್ಲಿಂದ ಬಂತು?

1999ರಲ್ಲಿ ಅಮೆರಿಕದಲ್ಲಿ ಗ್ರ್ಯಾಮ್-ಲೀಚ್-ಬ್ಲೈಲಿ ಕಾಯ್ದೆ ಅಂತ ಒಂದು ಬಂತು. ಬ್ಯಾಂಕುಗಳು, ವಿಮಾ ಕಂಪನಿಗಳು ಗ್ರಾಹಕರ ಮಾಹಿತಿಯನ್ನು ಯಾರಿಗೆ ಕೊಡುತ್ತೇವೆ ಅಂತ ಪ್ರತಿಯೊಬ್ಬ ಗ್ರಾಹಕರಿಗೂ ತಿಳಿಸಬೇಕು ಅನ್ನೋದು ಅದರ ಒಂದು ಷರತ್ತು. 2001ರ ಜುಲೈ 1 ಗಡುವು. ಆ ವರ್ಷ ಅಮೆರಿಕದ ಮನೆಮನೆಗೆ ರಾಶಿ ರಾಶಿ ಕಾಗದ ಬಂದು ಬಿದ್ದವು. ಕಾನೂನಿನ ಪ್ರಕಾರ ಎಲ್ಲ ಸರಿ ಇತ್ತು, ಓದಿದವರಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ಹೆಚ್ಚಿನವರು ಓದದೆಯೇ ಕಸದ ಬುಟ್ಟಿಗೆ ಹಾಕಿದರು.

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದೇ ಪದರಗಳ ನೋಟಿಸ್. ಯುರೋಪಿನ ದತ್ತಾಂಶ ರಕ್ಷಣಾ ಅಧಿಕಾರಿಗಳ ಒಕ್ಕೂಟವಾಗಿದ್ದ 'ಆರ್ಟಿಕಲ್ 29 ವರ್ಕಿಂಗ್ ಪಾರ್ಟಿ' 2004ರ ನವೆಂಬರಿನಲ್ಲಿ ಒಂದು ಅಭಿಪ್ರಾಯ ಪ್ರಕಟಿಸಿತು. ಅದರ ಪ್ರಕಾರ ಮೂರು ಪದರಗಳು. ಮೊದಲನೆಯದು ಫೋನಿನ ಪುಟ್ಟ ಪರದೆಯಲ್ಲೂ ಹಿಡಿಸುವಂಥ ಒಂದೆರಡು ಸಾಲು. ಎರಡನೆಯದು ತಲೆಬರಹಗಳ ಕೆಳಗೆ ಮುಖ್ಯ ಸಂಗತಿಗಳನ್ನು ಹೇಳುವ, ಹೆಚ್ಚೆಂದರೆ ಒಂದು ಪುಟದ ಸಾರಾಂಶ. ಮೂರನೆಯದು ಪೂರ್ತಿ ಪಾಲಿಸಿ. ಓದುಗ ತನಗೆ ಬೇಕಾದಷ್ಟು ಒಳಗೆ ಇಳಿಯಬಹುದು.

ಆದರೆ ಆ ಅಭಿಪ್ರಾಯದಲ್ಲಿ ಇನ್ನೊಂದು ಮಾತೂ ಇತ್ತು. ಎಲ್ಲ ಪದರಗಳೂ ಸೇರಿ ಒಟ್ಟಾರೆ ಕಾನೂನಿಗೆ ತಕ್ಕಂತಿದ್ದರೆ ಸಾಕು, ಪ್ರತಿ ಪದರವೂ ಎಲ್ಲವನ್ನೂ ಹೇಳಬೇಕಿಲ್ಲ ಅಂತ. ತರ್ಕ ಸರಿಯೇ. ಎಲ್ಲವನ್ನೂ ಮೊದಲ ಪದರದಲ್ಲೇ ಹೇಳಿದರೆ ಪದರ ಯಾಕೆ ಬೇಕು? ಆದರೆ ಇಲ್ಲೊಂದು ಸಂದಿ ಉಳಿಯಿತು. "ಎಲ್ಲವನ್ನೂ ಹೇಳಬೇಕಿಲ್ಲ" ಅನ್ನೋದಕ್ಕೂ "ಹೇಳದೆ ಬಿಟ್ಟದ್ದರಿಂದ ಹೇಳಿದ್ದೇ ಸುಳ್ಳಾಗಬಾರದು" ಅನ್ನೋದಕ್ಕೂ ವ್ಯತ್ಯಾಸವಿದೆ. ಒಳಗಿನ ಪದರದಲ್ಲಿ ನಿಜ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಹೊರಗಿನ ಪದರವನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು ಅನ್ನೋ ಅಭ್ಯಾಸ ಬೆಳೆಯಲು ಈ ಸಂದಿಯೇ ಸಾಕು. ನಮ್ಮ ವಾಕ್ಯದ ಕಥೆಯಲ್ಲಿ ಆದದ್ದೂ ಇದೇ.

ಎರಡು ಸ್ವಿಚ್, ಒಂದು ವಾಕ್ಯ

ಗೂಗಲ್ ಖಾತೆಯಲ್ಲಿ ಆಗ ಜಾಗದ ಮಾಹಿತಿಗೆ ಸಂಬಂಧಿಸಿದ ಎರಡು ಸ್ವಿಚ್‌ಗಳಿದ್ದವು. ಒಂದು 'ಲೊಕೇಶನ್ ಹಿಸ್ಟರಿ'. ಫೋನು ಜೇಬಿನಲ್ಲಿದ್ದಾಗಲೂ ನೀವು ಓಡಾಡಿದ ದಾರಿಯನ್ನು ದಾಖಲಿಸಿ, 'ಟೈಮ್‌ಲೈನ್' ಅನ್ನೋ ನಕ್ಷೆ ಮಾಡಿ ತೋರಿಸುತ್ತಿದ್ದದ್ದು ಇದು. ನೀವಾಗಿ ಆನ್ ಮಾಡದಿದ್ದರೆ ಆಫ್ ಆಗಿರುತ್ತಿತ್ತು. ಎರಡನೆಯದು 'ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ'. ನೀವು ಏನು ಹುಡುಕಿದಿರಿ, ಯಾವ ಆ್ಯಪ್ ಬಳಸಿದಿರಿ ಅನ್ನೋದನ್ನ ಖಾತೆಯಲ್ಲಿ ಉಳಿಸುವ ಸ್ವಿಚ್. ಇದು ಮೊದಲಿನಿಂದಲೇ ಆನ್ ಆಗಿರುತ್ತಿತ್ತು. ಹೆಸರಿನಲ್ಲಿ ಎಲ್ಲೂ 'ಲೊಕೇಶನ್' ಅನ್ನೋ ಪದವೇ ಇಲ್ಲ. ಆದರೆ ಇದು ಹುಡುಕಾಟದ ಜೊತೆಗೆ, ಹುಡುಕಿದಾಗ ನೀವು ಎಲ್ಲಿದ್ದಿರಿ ಅನ್ನೋದನ್ನೂ ಉಳಿಸುತ್ತಿತ್ತು.

ಈಗ ಆ ವಾಕ್ಯವನ್ನು ಬರೆದವರ ಜಾಗದಲ್ಲಿ ನಿಂತು ನೋಡಿ. ಪುಟದ ತಲೆಬರಹ 'ಲೊಕೇಶನ್ ಹಿಸ್ಟರಿ'. ಬರೆಯುವವರಿಗೆ ಅದು ಒಂದು ಉತ್ಪನ್ನದ ಹೆಸರು. ಆ ಉತ್ಪನ್ನ ಆಫ್ ಆದರೆ ಆ ಉತ್ಪನ್ನದೊಳಗೆ ಜಾಗಗಳು ಉಳಿಯುವುದಿಲ್ಲ, ಅಷ್ಟರ ಮಟ್ಟಿಗೆ ಮಾತು ಸರಿ. ಓದುವವರಿಗೆ ಅದು ಉತ್ಪನ್ನದ ಹೆಸರಲ್ಲ, ಸಾಮಾನ್ಯ ಪದ: ನಾನು ಇದ್ದ ಜಾಗಗಳ ಚರಿತ್ರೆ. ಅದು ಆಫ್ ಅಂದರೆ ನಾನು ಇದ್ದ ಜಾಗ ಎಲ್ಲೂ ಉಳಿಯೋದಿಲ್ಲ. ವಾಕ್ಯ ಸ್ವಿಚ್ಚಿನ ಬಗ್ಗೆ ಬರೆದದ್ದು, ಓದುಗ ಕೇಳುತ್ತಿದ್ದದ್ದು ತನ್ನ ಮಾಹಿತಿಯ ಬಗ್ಗೆ. ಸರಳ ಭಾಷೆಗೆ ಇಳಿಸುವಾಗ ಆಗುವ ಅತಿ ಸಾಮಾನ್ಯ ಎಡವಟ್ಟು ಇದೇ ಅನ್ನಬಹುದು. ಉದ್ದ ಪಾಲಿಸಿಯಲ್ಲಿ "ಈ ಸೇವೆಯ ವ್ಯಾಪ್ತಿಯಲ್ಲಿ" ಅಂತ ಇರುವ ಬಾಲವನ್ನು ಓದಲು ಕಷ್ಟ ಅಂತ ಕತ್ತರಿಸುತ್ತಾರೆ. ಬಾಲದ ಜೊತೆ ನಿಜವೂ ಹೋಗುತ್ತೆ.

ಸಿಕ್ಕಿಬಿದ್ದದ್ದು

2018ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಒಬ್ಬ ಸಂಶೋಧಕಿ ಒಂದು ವಿಚಿತ್ರ ಗಮನಿಸಿದರು. ತಾವು ಹೋಗಿಬಂದ ಅಂಗಡಿಯ ಬಗ್ಗೆ ಅಭಿಪ್ರಾಯ ತಿಳಿಸಿ ಅಂತ ಫೋನು ಕೇಳುತ್ತಿದೆ, ಆದರೆ ಲೊಕೇಶನ್ ಹಿಸ್ಟರಿ ಆಫ್ ಆಗಿದೆ! ಅದನ್ನು ಬರೆದು ಪ್ರಕಟಿಸಿದರು. ಅದರ ಜಾಡು ಹಿಡಿದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ನೆರವು ಪಡೆದು 2018ರ ಆಗಸ್ಟ್ 13ರಂದು ವರದಿ ಪ್ರಕಟಿಸಿತು.

ಅವರು ಪರೀಕ್ಷಿಸಿದ ರೀತಿ ನೋಡಿ, ಯಾವ ರಹಸ್ಯ ಕಡತವೂ ಬೇಕಾಗಲಿಲ್ಲ. ಲೊಕೇಶನ್ ಹಿಸ್ಟರಿ ಆಫ್ ಮಾಡಿದ ಆಂಡ್ರಾಯ್ಡ್ ಫೋನ್ ಹಿಡಿದು ಸಂಶೋಧಕರೊಬ್ಬರು ಕೆಲವು ದಿನ ಓಡಾಡಿದರು. ಆಮೇಲೆ ಅವರ ಖಾತೆಯ 'ಮೈ ಆಕ್ಟಿವಿಟಿ' ಪುಟದಲ್ಲಿ ಉಳಿದಿದ್ದ ದಾಖಲೆಗಳಿಂದ ಜಾಗ ಮತ್ತು ಸಮಯಗಳನ್ನು ತೆಗೆದು ನಕ್ಷೆಯ ಮೇಲೆ ಚುಕ್ಕಿ ಹಾಕಿದರು. ರೈಲು ಪ್ರಯಾಣ, ಊರಿನ ಸುತ್ತಾಟ, ಮನೆ, ಎಲ್ಲ ಕಂಡಿತು. ಮ್ಯಾಪ್ಸ್ ಆ್ಯಪನ್ನು ಸುಮ್ಮನೆ ತೆರೆದರೂ ಆ ಕ್ಷಣದ ಜಾಗ ದಾಖಲಾಗುತ್ತಿತ್ತು. ತಾನಾಗಿ ಬರುವ ದಿನದ ಹವಾಮಾನ ಸೂಚನೆಯಿಂದ ಸುಮಾರಾದ ಜಾಗ ತಿಳಿಯುತ್ತಿತ್ತು. ಜಾಗಕ್ಕೆ ಸಂಬಂಧವೇ ಇಲ್ಲದ, ಬಿಸ್ಕತ್ತು ಮಾಡುವುದರ ಬಗೆಗಿನಂಥ ಹುಡುಕಾಟದ ಜೊತೆಗೂ ಅಕ್ಷಾಂಶ ರೇಖಾಂಶ ಸಮೇತ ಜಾಗ ಉಳಿಯುತ್ತಿತ್ತು.

ಪಾಲಿಸಿಯ ಮಾತು ನಿಜವೋ ಸುಳ್ಳೋ ಅಂತ ಪಾಲಿಸಿಯನ್ನೇ ಮತ್ತೆ ಮತ್ತೆ ಓದಿದರೆ ಗೊತ್ತಾಗೋದಿಲ್ಲ. ಸ್ವಿಚ್ ಆಫ್ ಮಾಡಿ, ಬಳಸಿ, ಏನು ಉಳಿದಿದೆ ಅಂತ ನೋಡಬೇಕು. ಇಂಥ ಪರೀಕ್ಷೆಯನ್ನು ಹೊರಗಿನವರೇ ಮಾಡಬಹುದಾಗಿತ್ತು ಅಂದಮೇಲೆ ಒಳಗಿನವರು ಇನ್ನೂ ಸುಲಭವಾಗಿ ಮಾಡಬಹುದಿತ್ತು.

ಮೊದಲ ತಿದ್ದುಪಡಿ

ವರದಿ ಬಂದ ಮೂರನೇ ದಿನ, ಆಗಸ್ಟ್ 16ರಂದು, ಗೂಗಲ್ ಸಹಾಯ ಪುಟವನ್ನು ಬದಲಾಯಿಸಿತು. ಹೊಸ ಮಾತಿನ ಸಾರಾಂಶ ಇಷ್ಟು: ಈ ಸ್ವಿಚ್ ನಿಮ್ಮ ಸಾಧನದ ಇತರ ಲೊಕೇಶನ್ ಸೇವೆಗಳ ಮೇಲೆ ಪರಿಣಾಮ ಬೀರುವುದಿಲ್ಲ, ಸರ್ಚ್, ಮ್ಯಾಪ್ಸ್‌ನಂಥ ಇತರ ಸೇವೆಗಳಲ್ಲಿನ ನಿಮ್ಮ ಚಟುವಟಿಕೆಯ ಭಾಗವಾಗಿ ಕೆಲವು ಲೊಕೇಶನ್ ಮಾಹಿತಿ ಉಳಿಯಬಹುದು.

ಇದು ನಿಜವೇ. ಮೊದಲಿನ ಸುಳ್ಳು ಹೋಯಿತು. ಆದರೆ ಹೇಗೆ ನಿಜವಾಯಿತು ಅಂತ ನೋಡಿ. "ಕೆಲವು", "ಉಳಿಯಬಹುದು". ಯಾವ ಮಾಹಿತಿ? ಯಾವಾಗ? ನಿಲ್ಲಿಸಬೇಕಾದರೆ ಯಾವ ಸ್ವಿಚ್ ಒತ್ತಬೇಕು? ಆ ಎರಡು ವಾಕ್ಯಗಳಲ್ಲಿ ಉತ್ತರ ಇಲ್ಲ. ಮಾತು ಮಸುಕಾದಷ್ಟೂ ಸುಳ್ಳಾಗುವ ಅಪಾಯ ಕಡಿಮೆ. ಮಳೆ ಬರಬಹುದು, ಬರದೆಯೂ ಇರಬಹುದು ಅಂದವನ ಮಾತು ಯಾವತ್ತೂ ಸುಳ್ಳಾಗೋದಿಲ್ಲ, ಆದರೆ ಅವನ ಮಾತು ಕೇಳಿ ಯಾರೂ ಕೊಡೆ ಹಿಡಿಯೋದಿಲ್ಲ.

ವಿಶೇಷ ಏನೆಂದರೆ, ಇದನ್ನೇ ಬೇಡ ಅಂತ ಕೆಲವೇ ತಿಂಗಳ ಹಿಂದೆ ಯುರೋಪ್ ಹೇಳಿತ್ತು. ಮೊದಲು ಹೇಳಿದ ವರ್ಕಿಂಗ್ ಪಾರ್ಟಿ 2018ರ ಏಪ್ರಿಲ್‌ನಲ್ಲಿ ಪಾರದರ್ಶಕತೆಯ ಬಗ್ಗೆ ಮಾರ್ಗಸೂಚಿಯ ಅಂತಿಮ ರೂಪ ಹೊರತಂದಿತ್ತು. ಇಂಗ್ಲಿಷಿನ 'ಮೇ', 'ಮೈಟ್', 'ಸಮ್', 'ಆಫನ್' ಥರದ ಜಾರುವ ಪದಗಳನ್ನು ದೂರವಿಡಿ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಇನ್ನೂ ಎರಡು ಮಾತು ಅದರಲ್ಲಿವೆ, 2004ರ ಸಂದಿಯನ್ನು ಮುಚ್ಚುವಂಥವು. ಒಂದು, ಬೇರೆ ಬೇರೆ ಪದರಗಳಲ್ಲಿರುವ ಮಾತು ಒಂದಕ್ಕೊಂದು ವಿರುದ್ಧ ಇರಬಾರದು. ಎರಡು, ಓದುಗರ ಮೇಲೆ ಹೆಚ್ಚು ಪರಿಣಾಮ ಬೀರುವ, ಅವರಿಗೆ ಅನಿರೀಕ್ಷಿತ ಅನ್ನಿಸಬಹುದಾದ ಸಂಗತಿ ಮೊದಲ ಪದರದಲ್ಲೇ ಇರಬೇಕು. ಗೊತ್ತಿರುವುದನ್ನು ಬೇಕಾದರೆ ಒಳಗೆ ಇಡಿ, ಬೆಚ್ಚಿಬೀಳಿಸುವುದನ್ನು ಹೊರಗೆ ಇಡಿ ಅಂತ.

ಮೂರು ದೇಶ, ಮೂರು ತಪ್ಪು

ಮುಂದಿನ ನಾಲ್ಕು ವರ್ಷಗಳಲ್ಲಿ ಇದೇ ವಿಷಯ ಬೇರೆ ಬೇರೆ ದೇಶಗಳಲ್ಲಿ ತೀರ್ಪು, ದಂಡ, ರಾಜಿಗಳಲ್ಲಿ ಮುಗಿಯಿತು. ಒಂದೊಂದು ಕಡೆ ಎತ್ತಿದ ಪ್ರಶ್ನೆ ಒಂದೊಂದು ಬಗೆಯದು.

ಫ್ರಾನ್ಸಿನ ದತ್ತಾಂಶ ರಕ್ಷಣಾ ಸಂಸ್ಥೆ 'ಸಿಎನ್ಐಎಲ್' 2019ರ ಜನವರಿ 21ರಂದು ಗೂಗಲ್‌ಗೆ 5 ಕೋಟಿ ಯೂರೋ ದಂಡ ಹಾಕಿತು. ಅದರ ಆಕ್ಷೇಪಗಳಲ್ಲಿ ಒಂದು ಪದರಗಳ ಬಗ್ಗೆಯೇ ಇತ್ತು. ಮುಖ್ಯ ಮಾಹಿತಿ ಹಲವು ಪುಟಗಳಲ್ಲಿ ಹರಿದು ಹಂಚಿಹೋಗಿದೆ, ಜಾಹೀರಾತಿಗಾಗಿ ಅಥವಾ ಜಾಗ ಗುರುತಿಸಲು ಏನೇನು ತೆಗೆದುಕೊಳ್ಳುತ್ತಾರೆ ಅಂತ ಪೂರ್ತಿ ತಿಳಿಯಬೇಕಾದರೆ ಐದಾರು ಸಲ ಒತ್ತುತ್ತಾ ಹೋಗಬೇಕು ಅಂದಿತು. ಅಂದರೆ ಪದರ ಇದ್ದರೆ ಸಾಲದು, ಕೆಳಗಿನ ಪದರಕ್ಕೆ ದಾರಿಯೂ ಹತ್ತಿರ ಇರಬೇಕು. 2020ರ ಜೂನ್‌ನಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಈ ದಂಡವನ್ನು ಎತ್ತಿಹಿಡಿಯಿತು.

ಆಸ್ಟ್ರೇಲಿಯಾದಲ್ಲಿ ಗ್ರಾಹಕ ಆಯೋಗ 2019ರ ಅಕ್ಟೋಬರಿನಲ್ಲಿ ಮೊಕದ್ದಮೆ ಹೂಡಿತು. 2021ರ ಏಪ್ರಿಲ್ 16ರಂದು ಅಲ್ಲಿನ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಥಾಲಿ ಕೊಟ್ಟ ತೀರ್ಪು ನಮ್ಮ ವಿಷಯಕ್ಕೆ ತುಂಬಾ ಮುಖ್ಯ. ಅವರು ಪರದೆಗಳನ್ನು ಒಂದೊಂದಾಗಿ, ಬಳಸುವವರು ನೋಡುವ ಕ್ರಮದಲ್ಲೇ ಪರಿಶೀಲಿಸಿದರು. ಹೊಸ ಫೋನ್ ಶುರುಮಾಡುವಾಗ ಕಾಣುವುದು, ಆಮೇಲೆ ಲೊಕೇಶನ್ ಹಿಸ್ಟರಿ ಆಫ್ ಮಾಡಲು ಹೋದಾಗ ಕಾಣುವುದು, ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ ನೋಡಲು ಹೋದಾಗ ಕಾಣುವುದು. ಕೆಲವರು "ಇನ್ನಷ್ಟು ಆಯ್ಕೆಗಳು" ಒತ್ತಿ ಒಳಗೆ ಹೋಗಿ ನಿಜ ತಿಳಿದಿರಬಹುದು. ಆದರೆ ಒತ್ತದೆ ಮುಂದೆ ಹೋದವರೂ ವಿವೇಕವಿಲ್ಲದವರೇನಲ್ಲ. ಅಂಥವರಲ್ಲಿ ಕೆಲವರಿಗಾದರೂ ಲೊಕೇಶನ್ ಹಿಸ್ಟರಿ ಒಂದೇ ಜಾಗದ ಸ್ವಿಚ್ ಅಂತ ಅನ್ನಿಸುವಂತಿತ್ತು, ಹಾಗಾಗಿ ಅದು ದಾರಿತಪ್ಪಿಸುವ ಮಾತು ಅಂದರು. ಆಯೋಗದ ಎಲ್ಲ ಆರೋಪಗಳನ್ನೂ ಅವರು ಒಪ್ಪಲಿಲ್ಲ ಅನ್ನೋದನ್ನೂ ಹೇಳಬೇಕು, ಕೆಲವನ್ನು ತಳ್ಳಿಹಾಕಿದರು. 2022ರ ಆಗಸ್ಟ್‌ನಲ್ಲಿ 6 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಆ ಪರದೆಗಳನ್ನು ನೋಡಿರಬಹುದಾದ ಆಸ್ಟ್ರೇಲಿಯಾದ ಖಾತೆಗಳು ಸುಮಾರು 13 ಲಕ್ಷ ಅಂತ ಆಯೋಗ ಅಂದಾಜು ಮಾಡಿತ್ತು.

ಅಮೆರಿಕದಲ್ಲಿ ಅರಿಜೋನಾ ರಾಜ್ಯ 2020ರ ಮೇ ತಿಂಗಳಲ್ಲಿ ದಾವೆ ಹೂಡಿತು. ಆ ಮೊಕದ್ದಮೆಯಲ್ಲಿ ಹೊರಬಂದ ದಾಖಲೆಗಳಲ್ಲಿ ಗೂಗಲ್ ನೌಕರರೇ ಈ ಸ್ವಿಚ್‌ಗಳು ಗೊಂದಲಮಯವಾಗಿವೆ ಅಂತ ತಮ್ಮತಮ್ಮಲ್ಲಿ ಬರೆದುಕೊಂಡದ್ದು ಇತ್ತು. ಅಂದರೆ ಕಟ್ಟಿದವರಿಗೂ ಅದು ಸುಲಭವಾಗಿರಲಿಲ್ಲ! ಅರಿಜೋನಾ ಜೊತೆ 2022ರ ಅಕ್ಟೋಬರಿನಲ್ಲಿ 8.5 ಕೋಟಿ ಡಾಲರಿಗೆ ರಾಜಿಯಾಯಿತು. ಮುಂದಿನ ತಿಂಗಳು, ನವೆಂಬರ್ 14ರಂದು, 40 ರಾಜ್ಯಗಳ ಜೊತೆ 39.15 ಕೋಟಿ ಡಾಲರಿಗೆ ಇನ್ನೊಂದು ರಾಜಿ.

ಈ ಎರಡನೇ ರಾಜಿಯಲ್ಲಿ ದುಡ್ಡಿಗಿಂತ ಷರತ್ತುಗಳು ಕುತೂಹಲಕರ. ಜಾಗಕ್ಕೆ ಸಂಬಂಧಿಸಿದ ಸ್ವಿಚ್ಚನ್ನು ಆನ್ ಅಥವಾ ಆಫ್ ಮಾಡುವಾಗಲೆಲ್ಲ ಹೆಚ್ಚಿನ ಮಾಹಿತಿ ತೋರಿಸಬೇಕು. ಮುಖ್ಯ ಸಂಗತಿ ಕಣ್ಣಿಗೆ ಬೀಳದೆ ಇರಲಾರದಂತಿರಬೇಕು, ಅಡಗಿರಬಾರದು. ಯಾವ ಬಗೆಯ ಜಾಗದ ಮಾಹಿತಿ ತೆಗೆದುಕೊಳ್ಳುತ್ತಾರೆ, ಹೇಗೆ ಬಳಸುತ್ತಾರೆ ಅನ್ನೋದೆಲ್ಲ ಒಂದೇ ಪುಟದಲ್ಲಿ ವಿವರವಾಗಿ ಸಿಗಬೇಕು. ಮತ್ತೆ ನೋಡಿ, ಇದು ಪದರಗಳ ನೋಟಿಸ್ಸೇ! 2004ರ ಐಡಿಯಾ ಸುತ್ತಿ ಬಳಸಿ ಮತ್ತೆ ಬಂತು. ಈ ಸಲ ಹೊರಗಿನ ಪದರಕ್ಕೂ ತನ್ನದೇ ಜವಾಬ್ದಾರಿ ಬಂತು.

ಹಾಗಾದರೆ ಹೇಗೆ ಬರೆಯಬೇಕಿತ್ತು?

ಇನ್ನು ಪ್ರಯೋಗಕ್ಕೆ ಬರೋಣ. 2018ರಲ್ಲಿ ಇದ್ದ ಸಂಗತಿಗಳನ್ನೇ ಇಟ್ಟುಕೊಂಡು ಆ ಭಾಗವನ್ನು ತಿದ್ದಿ ಬರೆಯುವುದು.

ಹಳೆಯ ಪಾಲಿಸಿಯನ್ನು ಎದುರಿಗಿಟ್ಟುಕೊಂಡು "ಇದನ್ನು ಸರಳ ಮಾಡು" ಅಂತ ಶುರುಮಾಡಿದರೆ ಹಳೆಯ ತಪ್ಪು ಹೊಸ ಬಟ್ಟೆ ಹಾಕಿಕೊಂಡು ಬರುತ್ತೆ. ಆದ್ದರಿಂದ ಮೊದಲು ಪಟ್ಟಿ. ನಿಜಕ್ಕೂ ಎಲ್ಲೆಲ್ಲಿ ಜಾಗ ದಾಖಲಾಗುತ್ತೆ ಅಂತ, ಒಂದೊಂದಕ್ಕೆ ಒಂದು ಸಾಲು:

1. ಓಡಾಟದ ನಕ್ಷೆ. ಫೋನ್ ಬಳಸದಿದ್ದಾಗಲೂ ದಾಖಲಾಗುತ್ತೆ. ಸ್ವಿಚ್: ಲೊಕೇಶನ್ ಹಿಸ್ಟರಿ.
2. ಮ್ಯಾಪ್ಸ್ ತೆರೆದಾಗ ಇದ್ದ ಜಾಗ. ಸ್ವಿಚ್: ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ.
3. ಹುಡುಕಿದಾಗ ಇದ್ದ ಜಾಗ, ಕೆಲವೊಮ್ಮೆ ಅಕ್ಷಾಂಶ ರೇಖಾಂಶ ಸಮೇತ. ಸ್ವಿಚ್: ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ.
4. ಹವಾಮಾನ ಸೂಚನೆ ಬಂದಾಗಿನ ಸುಮಾರಾದ ಜಾಗ. ಸ್ವಿಚ್: ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ.
5. ಇಂಟರ್ನೆಟ್ ವಿಳಾಸದಿಂದ, ಅಂದರೆ ಐಪಿ ಅಡ್ರೆಸ್‌ನಿಂದ ಊಹಿಸುವ ಊರು. ಖಾತೆಯ ಯಾವ ಸ್ವಿಚ್ ಆಫ್ ಮಾಡಿದರೂ ಇದು ತಿಳಿಯುತ್ತೆ.

ಎಷ್ಟು ಕಾಲ ಇರುತ್ತೆ? ಆಗ, ಬಳಸುವವರು ಅಳಿಸುವವರೆಗೂ. (ತಾನಾಗಿ ಅಳಿಯುವ ಸೌಲಭ್ಯ ಬಂದದ್ದು 2019ರಲ್ಲಿ.)

ಪಟ್ಟಿ ಸಿಕ್ಕ ಮೇಲೆ ಹಳೆಯ ವಾಕ್ಯವನ್ನು ಅದರ ಮುಂದೆ ನಿಲ್ಲಿಸಿ. "ಉಳಿಯುವುದಿಲ್ಲ" ಅನ್ನೋದು 'ಇಲ್ಲ' ಅನ್ನುವ ವಾಕ್ಯ. 'ಇಲ್ಲ', 'ಮಾತ್ರ', 'ಎಂದಿಗೂ', ಇಂಥ ಪದ ಇರುವ ವಾಕ್ಯ ನಿಜವಾಗಬೇಕಾದರೆ ಪಟ್ಟಿಯ ಪ್ರತಿ ಸಾಲಿನಲ್ಲೂ ನಿಜವಾಗಬೇಕು. ಒಂದನೇ ಸಾಲಿನಲ್ಲಿ ಪಾಸ್, ಎರಡು, ಮೂರು, ನಾಲ್ಕರಲ್ಲಿ ಫೇಲ್. ಅಲ್ಲಿಗೆ ಕಥೆ ಮುಗಿಯಿತು, ಐದು ನಿಮಿಷದ ಕೆಲಸ. 'ಹೌದು' ಅನ್ನುವ ವಾಕ್ಯಕ್ಕೆ ಇಷ್ಟು ಕಷ್ಟವಿಲ್ಲ, ಅದಕ್ಕೆ ಒಂದು ಸಾಲಿನ ಆಧಾರ ಇದ್ದರೆ ಸಾಕು.

ಈಗ ಬರೆಯುವುದು. ಕೆಳಗಿನ ಪದರ ಮೊದಲು ಬರೆಯಬೇಕು, ಮೇಲಿನದು ಕೊನೆಗೆ. ಕೆಳಗಿನ ಪದರ ಅಂದರೆ ಈ ಪಟ್ಟಿಯನ್ನೇ ಪೂರ್ತಿ ವಾಕ್ಯಗಳಲ್ಲಿ ಬಿಡಿಸಿ ಹೇಳುವುದು. ನಡುವಿನ ಪದರಕ್ಕೆ 2009ರಲ್ಲಿ ಅಮೆರಿಕದ ಎಂಟು ಸರ್ಕಾರಿ ಸಂಸ್ಥೆಗಳು ಸೇರಿ ಬ್ಯಾಂಕುಗಳಿಗಾಗಿ ತಂದ ಮಾದರಿ ನಮೂನೆಯ ಉಪಾಯ ತೆಗೆದುಕೊಳ್ಳಬಹುದು. 2001ರ ಕಾಗದದ ರಾಶಿಗೆ ಬಂದ ಉತ್ತರ ಅದು. ಅದರಲ್ಲಿ ಪ್ರತಿ ಕಾರಣದ ಮುಂದೆ ನಾವು ಹಂಚಿಕೊಳ್ಳುತ್ತೇವೆಯೇ, ನೀವು ತಡೆಯಬಹುದೇ ಅಂತ ಎರಡೇ ಪ್ರಶ್ನೆ, ಹೌದು ಇಲ್ಲ ಉತ್ತರ. ಹೌದು ಅಥವಾ ಇಲ್ಲ ಅಂತ ಬರೆಯಲೇಬೇಕಾದಾಗ ಜಾರಲು ಜಾಗ ಇರೋದಿಲ್ಲ. ನಮ್ಮ ಉದಾಹರಣೆಯಲ್ಲಿ ಹೀಗಾಗುತ್ತೆ:

*ನೀವು ಮ್ಯಾಪ್ಸ್ ತೆರೆದಾಗ ಇದ್ದ ಜಾಗ ಉಳಿಸುತ್ತೇವೆಯೇ?* ಹೌದು. *ಲೊಕೇಶನ್ ಹಿಸ್ಟರಿ ಆಫ್ ಮಾಡಿದರೆ ನಿಲ್ಲುತ್ತದೆಯೇ?* ಇಲ್ಲ. *ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ ಆಫ್ ಮಾಡಿದರೆ?* ಹೌದು, ನಿಲ್ಲುತ್ತದೆ.

ಉಳಿದ ಸಾಲುಗಳಿಗೂ ಹೀಗೆಯೇ. ಕೊನೆಗೆ ಮೇಲಿನ ಪದರ, ಸ್ವಿಚ್ ಒತ್ತುವ ಪರದೆಯಲ್ಲೇ ಕಾಣಬೇಕಾದದ್ದು. ಆಯ್ಕೆಗೆ ಒಂದೇ ಅಳತೆಗೋಲು: ಸ್ವಿಚ್ ಒತ್ತಿದವರು ಆಮೇಲೆ ತಿಳಿದರೆ ಯಾವುದಕ್ಕೆ ಬೆಚ್ಚಿಬೀಳುತ್ತಾರೆ? ನಾನು ಬರೆದುನೋಡಿದ್ದು ಇದು:

*"ಇದನ್ನು ಆಫ್ ಮಾಡಿದರೆ ನಿಮ್ಮ ಓಡಾಟದ ನಕ್ಷೆಗೆ ಹೊಸ ಜಾಗಗಳು ಸೇರುವುದಿಲ್ಲ. ಆದರೆ ನೀವು ಮ್ಯಾಪ್ಸ್ ತೆರೆದಾಗ, ಏನಾದರೂ ಹುಡುಕಿದಾಗ, ಹವಾಮಾನ ಸೂಚನೆ ಬಂದಾಗ ನೀವಿದ್ದ ಜಾಗ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ಅದನ್ನೂ ನಿಲ್ಲಿಸಲು ವೆಬ್ ಅಂಡ್ ಆ್ಯಪ್ ಆಕ್ಟಿವಿಟಿಯನ್ನೂ ಆಫ್ ಮಾಡಿ. ಈಗಾಗಲೇ ಉಳಿದಿರುವುದು ನೀವು ಅಳಿಸುವವರೆಗೆ ಇರುತ್ತದೆ."*

ನಾಲ್ಕೇ ವಾಕ್ಯ. ಮೂಲದ ಒಂದು ವಾಕ್ಯಕ್ಕಿಂತ ಉದ್ದ ನಿಜ, ಆದರೆ ಫೋನಿನ ಪರದೆಯಲ್ಲಿ ಹಿಡಿಸುತ್ತೆ. ಮೊದಲ ವಾಕ್ಯದಲ್ಲಿ 'ಇಲ್ಲ' ಇದೆ, ಆದರೆ ಅದನ್ನು "ಓಡಾಟದ ನಕ್ಷೆಗೆ" ಅಂತ ಕಟ್ಟಿಹಾಕಿದ್ದೇನೆ, ಅದರ ಭಾರ ಒಂದನೇ ಸಾಲಿನ ಮೇಲೆ ಮಾತ್ರ. "ಕೆಲವು ಮಾಹಿತಿ ಉಳಿಯಬಹುದು" ಅನ್ನೋದರ ಬದಲು ಮೂರು ಸಂದರ್ಭಗಳನ್ನು ಹೆಸರಿಸಿದೆ. ಕೊನೆಯ ವಾಕ್ಯ ಯಾಕೆಂದರೆ, ಆಫ್ ಮಾಡಿದರೆ ಹಳೆಯದೂ ಅಳಿದುಹೋಗುತ್ತೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ.

ಐದನೇ ಸಾಲನ್ನು ಮೇಲಿನ ಪದರದಲ್ಲಿ ಹಾಕಿಲ್ಲ, ಗಮನಿಸಿದಿರಾ? ಅದು ನಡುವಿನ ಪದರಕ್ಕೆ ಹೋಗುತ್ತೆ. ಇದು ಚರ್ಚೆ ಮಾಡಬಹುದಾದ ತೀರ್ಮಾನ. ಆದರೆ ಅದನ್ನು ಬಿಟ್ಟದ್ದರಿಂದ ಮೇಲಿನ ನಾಲ್ಕರಲ್ಲಿ ಯಾವುದೂ ಸುಳ್ಳಾಗೋದಿಲ್ಲ. "ಎರಡೂ ಆಫ್ ಮಾಡಿದರೆ ನೀವೆಲ್ಲಿದ್ದೀರಿ ಅಂತ ನಮಗೆ ತಿಳಿಯುವುದಿಲ್ಲ" ಅಂತೇನಾದರೂ ಬರೆದಿದ್ದರೆ ಐದನೇ ಸಾಲು ಅದನ್ನು ಕೆಡವಿಬಿಡುತ್ತಿತ್ತು. ಬಿಡುವುದಕ್ಕೂ ಮುಚ್ಚಿಡುವುದಕ್ಕೂ ಇರುವ ಗೆರೆ ಇಷ್ಟೇ.

ಕಡೆಯ ಕೆಲಸ, ಪ್ರತಿ ವಾಕ್ಯದ ಪಕ್ಕ ಅದು ಯಾವ ಸಾಲನ್ನು ನಂಬಿದೆ ಅಂತ ಸಂಖ್ಯೆ ಬರೆದಿಡುವುದು. ಓದುಗರಿಗಲ್ಲ, ಕಚೇರಿಯವರಿಗೆ. ಯಾಕೆಂದರೆ ವಾಕ್ಯ ಬರೆದ ದಿನ ನಿಜವಾಗಿದ್ದರೂ ಆಮೇಲೆ ಕೆಡುತ್ತೆ. 2023ರ ಡಿಸೆಂಬರಿನಲ್ಲಿ ಗೂಗಲ್ ಓಡಾಟದ ಟೈಮ್‌ಲೈನನ್ನು ತನ್ನ ಸರ್ವರಿನ ಬದಲು ಬಳಸುವವರ ಫೋನಿನಲ್ಲೇ ಇಡುವುದಾಗಿ ಘೋಷಿಸಿತು. ಒಂದನೇ ಸಾಲು ಬದಲಾಯಿತು ಅಂದರೆ ಅದನ್ನು ನಂಬಿದ ವಾಕ್ಯಗಳೆಲ್ಲ ಮತ್ತೆ ಮೇಜಿಗೆ ಬರಬೇಕು. ಸಂಖ್ಯೆ ಬರೆದಿಟ್ಟಿದ್ದರೆ ಅವು ಯಾವುವು ಅಂತ ಹುಡುಕಬೇಕಾಗಿಲ್ಲ.

ಕನ್ನಡಕ್ಕೆ ಬಂದಾಗ

ಇದು ದೂರದ ದೇಶಗಳ ಕಥೆ ಅಂದುಕೊಳ್ಳಬೇಡಿ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 5ನೇ ಕಲಮಿನ ಪ್ರಕಾರ, ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡವೂ ಅದರಲ್ಲಿದೆ. 2025ರ ನವೆಂಬರಿನಲ್ಲಿ ಹೊರಬಿದ್ದ ನಿಯಮಗಳು ನೋಟಿಸ್ ಸರಳ ಭಾಷೆಯಲ್ಲಿರಬೇಕು, ಯಾವ ಮಾಹಿತಿ ಯಾವ ಉದ್ದೇಶಕ್ಕೆ ಅಂತ ಬಿಡಿಬಿಡಿಯಾಗಿ ಹೇಳಬೇಕು ಅನ್ನುತ್ತವೆ. ನೋಟಿಸಿನ ಈ ನಿಯಮ ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶ ಇಟ್ಟಿದ್ದಾರೆ.

ಅಂದರೆ ಕನ್ನಡದ ನೋಟಿಸ್ ಅನ್ನೋದು ಇನ್ನೊಂದು ಪದರ ಇದ್ದ ಹಾಗೆ. ಅದರಲ್ಲೂ ಅದೇ ತಪ್ಪು ಆಗಬಹುದು, ಜೊತೆಗೆ ನಮ್ಮದೇ ಎರಡು ತೊಡಕು. ಒಂದು, 'ಸಂಗ್ರಹ' ಅನ್ನೋ ಪದ. ಇಂಗ್ಲಿಷಿನಲ್ಲಿ ತೆಗೆದುಕೊಳ್ಳುವುದಕ್ಕೆ ಒಂದು ಪದ, ಇಟ್ಟುಕೊಳ್ಳುವುದಕ್ಕೆ ಇನ್ನೊಂದು. ನಾವು ಎರಡಕ್ಕೂ 'ಸಂಗ್ರಹ' ಅಂತಲೇ ಬರೆದುಬಿಡುತ್ತೇವೆ. "ಜಾಗದ ಮಾಹಿತಿಯನ್ನು ಸಂಗ್ರಹಿಸುವುದಿಲ್ಲ" ಅಂದರೆ ನೋಡಿ ಬಿಟ್ಟುಬಿಡುತ್ತಾರೋ, ನೋಡುವುದೇ ಇಲ್ಲವೋ? ಹವಾಮಾನದ ಆ್ಯಪ್ ನಿಮ್ಮ ಊರನ್ನು ನೋಡಲೇಬೇಕು, ಉಳಿಸಬೇಕಾಗಿಲ್ಲ. 'ತೆಗೆದುಕೊಳ್ಳುತ್ತೇವೆ', 'ಬಳಸುತ್ತೇವೆ', 'ಉಳಿಸಿಕೊಳ್ಳುತ್ತೇವೆ' ಅಂತ ಮೂರು ಬೇರೆ ಬೇರೆ ಕ್ರಿಯಾಪದ ಬಳಸಿದರೆ ಗೊಂದಲ ಇಲ್ಲ.

ಇನ್ನೊಂದು, ನಮ್ಮ '-ಬಹುದು'. "ನಿಮ್ಮ ಮಾಹಿತಿಯನ್ನು ನಾವು ಉಳಿಸಬಹುದು" ಅಂದರೆ ಹಾಗೆ ಆಗುವ ಸಂಭವ ಇದೆ ಅಂತಲೋ, ಹಾಗೆ ಮಾಡಲು ನೀವು ಒಪ್ಪಿಗೆ ಕೊಟ್ಟಿದ್ದೀರಿ ಅಂತಲೋ? ಎರಡೂ ಅರ್ಥ ಬರುತ್ತೆ. ಒಪ್ಪಿಗೆಯ ಪತ್ರದಲ್ಲಿ ಇಂಥ ಪದ ಇರೋದು ಅಪಾಯ. "ಇಂಥ ಸಂದರ್ಭದಲ್ಲಿ ಉಳಿಸುತ್ತೇವೆ" ಅಂತ ಬರೆಯಲು ಆಗದಿದ್ದರೆ, ಅದರ ಅರ್ಥ ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ ಅಂತ.

ಮುಂದಿನ ಸಲ ಯಾವುದಾದರೂ ಆ್ಯಪ್ ಕನ್ನಡದಲ್ಲಿ ನೋಟಿಸ್ ತೋರಿಸಿದರೆ ಅದರಲ್ಲಿ 'ಇಲ್ಲ' ಇರುವ ವಾಕ್ಯಗಳನ್ನು ಹುಡುಕಿ, ಯಾವ ಬಾಲ ಕತ್ತರಿಸಿದ್ದಾರೆ ಅಂತ ಯೋಚಿಸಿ. ಆಮೇಲೆ ಸ್ವಿಚ್ ಆಫ್ ಮಾಡಿ, ಎರಡು ದಿನ ಬಳಸಿ, ನಿಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡಿ ನೋಡಿ. ಏನಾದರೂ ಸಿಕ್ಕರೆ ಇಲ್ಲಿ ಕಾಮೆಂಟಿನಲ್ಲಿ ತಿಳಿಸಿ.